ಮೂರನೇ ಸುತ್ತು

ದರ್ಜಿಯ ಮನೆಯಲ್ಲಿ ಮುಂದಿನ ಕೋಣೆ ಅಂಗಡಿ, ಹಿಂದಿನದು ಅಡುಗೆಮನೆ. ಎರಡರ ನಡುವೆ ಯಾವುದಕ್ಕೂ ಸೇರದ ಒಂದು ಉದ್ದನೆಯ ಕೋಣೆಯಿತ್ತು. ರವಿಕೆಗೋ ಲಂಗಕ್ಕೋ ಲೈನಿಂಗ್ ಕೊಡುವ ಹತ್ತಿಯ ಒಳಬಟ್ಟೆಯನ್ನು ಹೊಲಿಯುವ ಮುಂಚೆ ನೀರಲ್ಲಿ ನೆನೆಸಿ ಒಣಗಿಸಲೇಬೇಕು. ಇಲ್ಲದಿದ್ದರೆ ಗಿರಾಕಿ ಮೊದಲ ಸಲ ಒಗೆದ ದಿನವೇ ಅದು ಕುಗ್ಗಿ, ಮೇಲಿನ ಬಟ್ಟೆ ಸುಕ್ಕುಬಿದ್ದು, ದರ್ಜಿಯ ಹೆಸರಿಗೆ ಮಸಿ. ಹೊರಗೆ ಒಣಹಾಕೋಣವೆಂದರೆ ಹೊಲಕ್ಕೆ ಹೋಗುವ ಬೀದಿ, ಇಡೀ ದಿನ ಟ್ರ್ಯಾಕ್ಟರುಗಳ ಧೂಳು. ಹಾಗಾಗಿ ಒಣಗುವುದೆಲ್ಲ ಆ ನಡುಕೋಣೆಯಲ್ಲಿ, ತಾರಸಿಗೆ ತೂಗುಬಿಟ್ಟ ಮೂರು ಪೈಪುಗಳ ಮೇಲೆ.

ಆ ಪೈಪುಗಳನ್ನು ಏರಿಸಿ ಇಳಿಸುವುದಕ್ಕೆ ರಾಟೆಯ ಏರ್ಪಾಡಿತ್ತು. ಒಂದೊಂದು ಪೈಪಿಗೂ ಎರಡೆರಡು ಹಗ್ಗ. ಹತ್ತಿರದ ತುದಿಯ ಹಗ್ಗ ನೇರ ಮೇಲೇರಿ, ತಾರಸಿಗೆ ಬಿಗಿದ ಬ್ರಾಕೆಟ್ಟಿನ ಗಾಲಿಯನ್ನು ಬಳಸಿ ಗೋಡೆಗುಂಟ ಇಳಿಯುತ್ತಿತ್ತು. ದೂರದ ತುದಿಯದು ಆಚೆ ಬ್ರಾಕೆಟ್ಟಿನ ಗಾಲಿ ಹತ್ತಿ, ತಾರಸಿಯುದ್ದಕ್ಕೂ ಹಾದು ಬಂದು, ಈಚೆಯ ಬ್ರಾಕೆಟ್ಟಿನ ಇನ್ನೊಂದು ಗಾಲಿ ದಾಟಿ ಮೊದಲನೆಯದರ ಜೊತೆಗೂಡುತ್ತಿತ್ತು. ಎರಡನ್ನೂ ಸೇರಿಸಿ ಕೆಳಗೆ ಎಳೆದರೆ ಪೈಪು ಮೇಲೆ, ಸಡಿಲ ಬಿಟ್ಟರೆ ಕೆಳಗೆ. ಎಳೆದ ಹಗ್ಗವನ್ನು ಗೋಡೆಯ ಎರಡು ಕೊಂಬಿನ ಕೊಕ್ಕೆಗೆ, ಮೇಲಿನ ಕೊಂಬಿಗೊಮ್ಮೆ ಕೆಳಗಿನದಕ್ಕೊಮ್ಮೆ ಅಡ್ಡ ಹಾಯಿಸಿ, ಎರಡು ಸುತ್ತು ಸುತ್ತಿದರೆ ಮುಗಿಯಿತು.

ಅದನ್ನು ಕೂರಿಸಿದವನು ದರ್ಜಿಯೇ. ಹೆಂಡತಿಯ ಬಲ ಹೆಗಲು ಬಿಗಿದುಕೊಂಡು, ಕೈ ಕಿವಿಯಿಂದ ಮೇಲಕ್ಕೆ ಏಳದಂತಾದ ವರ್ಷ ಅದು. ಸೂಜಿ ಬಿಟ್ಟರೆ ಬೇರೆ ಕಬ್ಬಿಣ ಮುಟ್ಟದ ಮನುಷ್ಯ ಯಾರದೋ ಡ್ರಿಲ್ಲಿಂಗ್ ಮೆಷಿನು ಕಡ ತಂದು, ತಲೆತುಂಬ ಸುಣ್ಣದ ಪುಡಿ ಸುರಿಸಿಕೊಂಡು, ಒಂದು ಹಗಲಿಡೀ ತಿಣುಕಿ ಬಿಗಿದಿದ್ದ. ಹೆಂಡತಿ ಅಕ್ಕಪಕ್ಕದವರನ್ನೆಲ್ಲ ಕರೆದು ತೋರಿಸಿದ್ದಳು. "ನಮ್ಮನೆಯವ್ರೇ ಹಾಕಿದ್ದು. ನೋಡಿ, ಎದೆಮಟ್ಟಕ್ಕೆ ಇಳಿಸಿ ಹರವಿ, ಮೇಲಕ್ಕೆ ಎಳೆದುಬಿಟ್ರೆ ಆಯ್ತು." ಆ ಮಾತು ದರ್ಜಿಗೆ ಸಾಲವಿಲ್ಲದ ಆಸ್ತಿಯ ಹಾಗೆ. ಬೇಕೆಂದಾಗ ಒಳಗೊಳಗೇ ತೆಗೆದು ನೋಡಿಕೊಳ್ಳುತ್ತಿದ್ದ.

ಈಗ ನಡುವಿನ ಪೈಪು ಕಾಟ ಕೊಡಲು ಶುರುಮಾಡಿತ್ತು. ಪ್ಲಾಸ್ಟಿಕ್ ಗಾಲಿಯಲ್ಲಿ ಹಗ್ಗ ಕೂರುವ ತೋಡು ಒಂದೇ ಕಡೆ ಸವೆದು, ಹಗ್ಗ ಅದರಿಂದ ಹಾರಿ, ಗಾಲಿಗೂ ಪಕ್ಕದ ತಗಡಿಗೂ ನಡುವಿನ ಸಂದಿಗೆ ಬಿದ್ದು ಕಚ್ಚಿಕೊಳ್ಳುತ್ತಿತ್ತು. ಹೆಂಡತಿ ಎಡಗೈಯಲ್ಲಿ ಹಗ್ಗವನ್ನು ಅತ್ತಿತ್ತ ಆಡಿಸಿ ಬಿಡಿಸುತ್ತಿದ್ದಳು. ಹಾಗೆ ಕಚ್ಚಿ ಕಚ್ಚಿ, ಪೈಪು ಪೂರ್ತಿ ಮೇಲೇರಿದಾಗ ಗಾಲಿಯ ಮೇಲೆ ಕೂರುವ ಜಾಗದಲ್ಲೇ ಹಗ್ಗದ ಹೊರಪದರ ಹರಿದು ನೂಲು ನೂಲಾಗಿತ್ತು.

"ರೀ, ಇದು ಇವತ್ತೋ ನಾಳೆಯೋ ಕಿತ್ಕೊಂಡು ಬರುತ್ತೆ," ಅಂದಳು ಹೆಂಡತಿ. "ತಂಗಿ ಗಂಡಂಗೆ ಒಂದು ಮಾತು ಹೇಳ್ಲಾ?"

ದರ್ಜಿ ಕತ್ತರಿಸುತ್ತಿದ್ದ ಬಟ್ಟೆಯಿಂದ ತಲೆ ಎತ್ತಲಿಲ್ಲ. "ಯಾಕೆ, ನಾನು ಸತ್ತಿದೀನಾ?"

"ಅಯ್ಯೋ, ರಾಟೆ ಕೆಟ್ಟಿದೆ ಅಂದ್ರೆ ಸಾಯೋ ಮಾತು ಯಾಕೆ? ಹಗ್ಗ, ರಾಟೆ ಅಂದ್ರೆ ಅವ್ರಿಗೆ ದಿನದ ಕೆಲಸ. ಅದಕ್ಕೆ ಹೇಳ್ದೆ."

ತಂಗಿಯ ಗಂಡ ಕೊಳವೆಬಾವಿಯ ಪಂಪು ಇಳಿಸಿ ಎತ್ತುವವನು. ಊರಿಗೆಲ್ಲ ಅವನು ಪಂಪಿನವನು, ದರ್ಜಿಗೆ ಷಡ್ಡಕ. ಆಳೆತ್ತರದ ಕಬ್ಬಿಣದ ಪೈಪುಗಳನ್ನು ಪಾತಾಳದಿಂದ ಎಳೆಯುವ ತೋಳು, ಬಾಗಿಲಲ್ಲಿ ಕಾಲಿಟ್ಟರೆ ಮನೆ ತುಂಬುವ ನಗು. ಇವೆರಡನ್ನೂ ದರ್ಜಿ ಹೇಗೋ ಸಹಿಸಬಹುದಾಗಿತ್ತು. ಸಹಿಸಲಾಗದ್ದು ಇನ್ನೊಂದಿತ್ತು. ಪಂಪಿನವನ ಕಡೆಯಿಂದ ಮೊದಲು ಸಂಬಂಧದ ಮಾತು ಬಂದದ್ದು ಅಕ್ಕನಿಗೆ. ಆಗ ಅವನು ಯಾರದೋ ಕೈಕೆಳಗೆ ಇದ್ದ, ಮಾವ ಬೇಡವೆಂದರು. ಅಕ್ಕನನ್ನು ಅಂಗಡಿಯಿದ್ದ ದರ್ಜಿಗೆ ಕೊಟ್ಟರು. ಮುಂದೆ ಸ್ವಂತ ಕೆಲಸ ಹಿಡಿದ ಮೇಲೆ ಅವನು ಅದೇ ಮನೆಗೆ ಬಂದು ತಂಗಿಯನ್ನು ಕೇಳಿ ಮದುವೆಯಾದ. ಹದಿನೈದು ವರ್ಷದ ಹಿಂದಿನ ಮಾತು, ಎರಡು ಮನೆಯವರೂ ಮರೆತು ನಕ್ಕದ್ದು. ದರ್ಜಿಯೂ ಜೊತೆಗೆ ನಕ್ಕಿದ್ದ. ನಗುವಾಗಲೇ ಹೆಂಡತಿಯ ಮುಖ ನೋಡಿದ್ದ, ಅವಳು ಹೇಗೆ ನಗುತ್ತಾಳೆ ಎಂದು.

"ನಾನೇ ಮಾಡ್ತೀನಿ," ಅಂದ.

ಮಾಡಿದ. ಆದರೆ ದರ್ಜಿಯ ಹಾಗೆ ಮಾಡಿದ. ಹರಿದದ್ದು ಕಂಡರೆ ಅವನ ಕೈಗೆ ಹೊಳೆಯುವುದು ಒಂದೇ: ಸೂಜಿ ದಾರ. ಪೈಪನ್ನು ಇಳಿಸಿ, ಹಗ್ಗದ ನೂಲೆದ್ದ ಜಾಗವನ್ನು ಮಡಿಲಲ್ಲಿಟ್ಟುಕೊಂಡು, ಗುಂಡಿ ಹೊಲಿಯುವ ದಪ್ಪ ದಾರಕ್ಕೆ ಮೇಣ ಸವರಿ, ಎದ್ದ ನೂಲುಗಳನ್ನೆಲ್ಲ ಒಳಗೆ ಮಡಚಿ, ಬೆರಳುದ್ದಕ್ಕೆ ಸುತ್ತಿನ ಪಕ್ಕ ಸುತ್ತು ಬಿಗಿದು, ತುದಿಯನ್ನು ಹಗ್ಗದೊಳಗೇ ನುಗ್ಗಿಸಿ ಕಟ್ಟಿದ. ಅಂಥ ಕೆಲಸವನ್ನು ಗಿರಾಕಿಯ ಕೋಟಿನ ಮೇಲೆ ಮಾಡಿದ್ದರೆ ಗಿರಾಕಿ ಹರಿದ ಜಾಗ ಹುಡುಕಬೇಕಾಗಿತ್ತು. ಉಗುರಿನಿಂದ ಸವರಿ ನೋಡಿದ. ಒಂದು ನೂಲೂ ಏಳಲಿಲ್ಲ.

"ಎಳಿ ಈಗ," ಅಂದ ಹೆಂಡತಿಗೆ.

ಅವಳು ನೆನೆದ ಬಟ್ಟೆ ಹರವಿ ಎಳೆದಳು. ಪೈಪು ಸಲೀಸಾಗಿ ಮೇಲೇರಿತು, ಇನ್ನೇನು ತಾರಸಿಗೆ ಒಂದು ಮೊಳ ಇದೆ ಅನ್ನುವಾಗ ಹತ್ತಿರದ ತುದಿ ನಿಂತಿತು, ದೂರದ್ದು ಮಾತ್ರ ಏರಿತು. ಪೈಪು ಓರೆಯಾಗಿ, ನೆನೆದ ಬಿಳಿ ಒಳಬಟ್ಟೆಗಳೆಲ್ಲ ಒಂದು ತುದಿಗೆ ಜಾರಿ ಗುಡ್ಡೆಯಾದವು. ಕಟ್ಟು ಹಾಕಿದ ಜಾಗ ಹಗ್ಗಕ್ಕಿಂತ ದಪ್ಪ. ಸವೆದ ಗಾಲಿ ಅದನ್ನು ತೋಡಿನೊಳಗೆ ತೆಗೆದುಕೊಳ್ಳದೆ ಪಕ್ಕಕ್ಕೆ ತಳ್ಳಿತ್ತು, ಅದು ಸಂದಿಯಲ್ಲಿ ಬೆಣೆಯ ಹಾಗೆ ಕೂತುಬಿಟ್ಟಿತ್ತು. ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ.

ಹೆಂಡತಿಗೆ ನಗು ತಡೆಯಲಾಗಲಿಲ್ಲ. "ಹಗ್ಗಕ್ಕೂ ರಫೂ ಹಾಕಿದ್ರಲ್ಲ ನೀವು. ಒಂದು ಗುಂಡಿನೂ ಹಚ್ಚಿಬಿಡಿ, ಚೆನ್ನಾಗಿರುತ್ತೆ."

ಅವಳು ನಕ್ಕದ್ದು ಹಗ್ಗಕ್ಕೆ. ಅವನಿಗೆ ಕೇಳಿಸಿದ್ದು ಬೇರೆ. ಎರಡು ಕೈಯಲ್ಲೂ ಹಗ್ಗ ಹಿಡಿದು, ಬಾವಿಯಿಂದ ಎಮ್ಮೆ ಎಳೆಯುವವನ ಹಾಗೆ ಜಗ್ಗಿದ. ಹಗ್ಗ ಬರಲಿಲ್ಲ, ಬ್ರಾಕೆಟ್ಟು ಬಂತು. ಸ್ಕ್ರೂ ಕಚ್ಚಿಕೊಂಡಿದ್ದ ಪ್ಲಾಸ್ಟಿಕ್ ಪ್ಲಗ್ಗು ಗಾರೆಯಲ್ಲಷ್ಟೇ ಕೂತಿತ್ತು, ತಾರಸಿಯ ಗಟ್ಟಿ ಕಾಂಕ್ರೀಟನ್ನು ಮುಟ್ಟಿರಲೇ ಇಲ್ಲ. ಗಾರೆ ಚಕ್ಕೆ ಚಕ್ಕೆಯಾಗಿ ಕಳಚಿ ಗಿರಾಕಿಯ ಒಳಬಟ್ಟೆಯ ಮೇಲೆ ಬಿತ್ತು. ಬ್ರಾಕೆಟ್ಟು ಒಂದು ಸ್ಕ್ರೂವಿನಲ್ಲಿ ಬಾಗಿ ನೇತಾಡಿತು.

ಹೆಂಡತಿ ಈ ಸಲ ನಗಲಿಲ್ಲ. ಅದು ನಕ್ಕದ್ದಕ್ಕಿಂತ ಕೆಟ್ಟದಾಗಿತ್ತು.

ಮಾರನೆಯ ದಿನ ದರ್ಜಿ ಗುಂಡಿ ತರಲು ಪೇಟೆಗೆ ಹೋಗಿ ಬರುವಷ್ಟರಲ್ಲಿ ಬಾಗಿಲಲ್ಲಿ ದೊಡ್ಡ ಚಪ್ಪಲಿ ಇತ್ತು. ಒಳಗೆ ಸ್ಟೂಲಿನ ಮೇಲೆ ಪಂಪಿನವನು, ಸ್ಟೂಲು ಹಿಡಿದುಕೊಂಡು ಹೆಂಡತಿ. ತಲೆಯೆತ್ತಿ ನೋಡುತ್ತಿದ್ದವಳ ಮುಖದ ಮೇಲೆ ಗಾರೆಯ ಪುಡಿ ಹಿಟ್ಟಿನ ಹಾಗೆ ಕೂತಿತ್ತು. ಅವನೇನೋ ಹೇಳಿದ, ಅವಳು ಕಣ್ಣುಮುಚ್ಚಿ ನಕ್ಕಳು. ದರ್ಜಿ ಹೊಸ್ತಿಲಲ್ಲೇ ನಿಂತ. ಸ್ಟೂಲು ಗಟ್ಟಿಮುಟ್ಟಾದದ್ದು, ಅದನ್ನು ಹಿಡಿಯುವ ಅಗತ್ಯವಿಲ್ಲ ಅನ್ನುವುದು ಅವನಿಗೆ ಗೊತ್ತಿತ್ತು.

"ಬನ್ನಿ ಅಣ್ಣ, ಬನ್ನಿ," ಅಂದ ಪಂಪಿನವನು ಮೇಲಿನಿಂದಲೇ. "ಯಾರೋ ಹಗ್ಗಕ್ಕೆ ಕೋಟು ಹೊಲಿದಿದಾರೆ ಇಲ್ಲಿ. ಏನು ಕೈ, ಏನು ಕೈ. ಬಿಚ್ಚೋಕೇ ಮನಸ್ಸು ಬರ್ಲಿಲ್ಲ."

"ಬಿಚ್ಚಬೇಡ ಹಂಗಾದ್ರೆ."

"ಬಿಚ್ಚದೆ ಇದ್ರೆ ಅತ್ತಿಗೆ ನನ್ನ ಹೊಲಿಗೇನೇ ಬಿಚ್ತಾರೆ." ಡ್ರಿಲ್ಲಿಂಗ್ ಮೆಷಿನು ತಾರಸಿಗೆ ಒತ್ತಿ, ಹಳೆಯ ತೂತು ಬಿಟ್ಟು ಒಂದು ಗೇಣು ಪಕ್ಕದಲ್ಲಿ ಹೊಸದು ಕೊರೆದ. ಮೊದಲು ಬಿಳಿ ಪುಡಿ ಸುರಿಯಿತು, ಆಮೇಲೆ ಮೆಷಿನಿನ ದನಿ ಬದಲಾಗಿ ಬೂದು ಪುಡಿ. "ಕೇಳಿ, ಈಗ ಕಾಂಕ್ರೀಟು ಸಿಕ್ತು. ಬಿಳೀದರಲ್ಲಿ ನಿಂತದ್ದು ನಿಲ್ಲಲ್ಲ." ಪ್ಲಗ್ಗಿನ ಬದಲು ಬಿಗಿದಂತೆ ಒಳಗೇ ಅರಳಿ ಕಚ್ಚುವ ಕಬ್ಬಿಣದ ಬೋಲ್ಟು ಹಾಕಿದ, ತಿರುವಿದ, ತನ್ನ ಭಾರವನ್ನೆಲ್ಲ ಒಂದು ಕೈಯಲ್ಲಿ ಬ್ರಾಕೆಟ್ಟಿಗೆ ಬಿಟ್ಟು ನೋಡಿದ. ಅದು ಅಲುಗಲಿಲ್ಲ. ಸವೆದ ಗಾಲಿ ತೆಗೆದು ಹಿತ್ತಾಳೆಯದು ಕೂರಿಸಿದ. ಹಳೆಯ ಹತ್ತಿ ಹಗ್ಗವನ್ನು ಪೂರ್ತಿ ಎಳೆದು ಬಿಸಾಕಿ ನೀಲಿ ನೈಲಾನ್ ಹಗ್ಗ ಪೋಣಿಸಿದ, ತುದಿಯನ್ನು ಬೆಂಕಿಕಡ್ಡಿಯಲ್ಲಿ ಸುಟ್ಟು ಗುಂಡು ಮಾಡಿದ.

"ಪಂಪಿನ ಹಗ್ಗ ಅತ್ತಿಗೆ. ನಾವು ಸತ್ರೂ ಇದು ಸಾಯಲ್ಲ."

ಹೆಂಡತಿ ಎಳೆದಳು. ಪೈಪು ಸದ್ದಿಲ್ಲದೆ ಏರಿತು. ಅವಳು ಇಳಿಸಿದಳು, ಮತ್ತೆ ಏರಿಸಿದಳು, ಮಕ್ಕಳು ಉಯ್ಯಾಲೆ ತಳ್ಳುವ ಹಾಗೆ. ಆಮೇಲೆ ಹಗ್ಗವನ್ನು ಅಭ್ಯಾಸದಂತೆ ಕೊಕ್ಕೆಗೆ ಎರಡು ಸುತ್ತು ಸುತ್ತಿ ಕೈಬಿಟ್ಟಳು. "ಒಂದು ಬೆರಳಲ್ಲಿ ಬರುತ್ತೆ ರೀ. ನೋಡಿ."

ದರ್ಜಿ ನೋಡಿದ. ಅವನ ಕಣ್ಣು ಪೈಪಿನ ಮೇಲಿರಲಿಲ್ಲ, ಕೊಕ್ಕೆಯ ಮೇಲಿತ್ತು. ಎರಡು ಸುತ್ತು. ಹತ್ತಿ ಹಗ್ಗ ಒರಟು, ತನ್ನನ್ನು ತಾನೇ ಕಚ್ಚಿಕೊಳ್ಳುತ್ತದೆ. ಅದಕ್ಕೆ ಎರಡು ಸಾಕಿತ್ತು. ನೈಲಾನಿನ ಗುಣ ಅವನಿಗೆ ಗೊತ್ತು. ಹತ್ತಿ ದಾರಕ್ಕೆ ಎರಡು ಗಂಟು ಹಾಕಿದರೆ ನಿಲ್ಲುತ್ತದೆ. ನೈಲಾನ್ ದಾರಕ್ಕೆ ಎರಡೇ ಹಾಕಿದರೆ ನಾಲ್ಕು ಒಗೆತದಲ್ಲಿ ಗುಂಡಿ ಗಿರಾಕಿಯ ಕೈಗೆ ಬರುತ್ತದೆ. ಈ ಹಗ್ಗಕ್ಕೆ ಮೂರನೇ ಸುತ್ತು ಬೇಕು, ಅದರ ಮೇಲೊಂದು ಕುಣಿಕೆ ಮಗುಚಿ ಬಿಗಿಯಬೇಕು. ಪಂಪಿನವನಿಗೆ ಇದು ತೋಚಿರಲಿಲ್ಲ. ಅವನು ಹಗ್ಗವನ್ನು ಕಟ್ಟುವುದು ಕಬ್ಬಿಣದ ಬಳೆಗೆ, ಇಂಥ ಚಿಕ್ಕ ಕೊಕ್ಕೆಗಲ್ಲ.

ಹೇಳುವುದಕ್ಕೆ ಬಾಯಿ ತೆರೆದ. ಅಷ್ಟರಲ್ಲಿ ಹೆಂಡತಿ ಅಂದಳು, "ಕೆಲಸ ಅಂದ್ರೆ ಇದು."

ದರ್ಜಿ ಬಾಯಿ ಮುಚ್ಚಿದ.

ಪಂಪಿನವನು ಚಹಾ ಕುಡಿಯುತ್ತ, "ನಿಮ್ಮ ತಂಗಿ ದಿನಾ ನಂಗೆ ಪಾಠ ಹೇಳ್ತಾಳೆ ಅತ್ತಿಗೆ. ಭಾವನ್ನ ನೋಡಿ ಕಲೀರಿ, ಹೊತ್ತು ಹೊತ್ತಿಗೆ ಮನೇಲಿರ್ತಾರೆ ಅಂತ," ಅಂದ. ದರ್ಜಿಗೆ ಅದು ಮನೆಯಲ್ಲೇ ಕೂತಿರುವವನು ಅಂದ ಹಾಗೆ ಕೇಳಿಸಿತು. ಹೊಟ್ಟೆಕಿಚ್ಚಿಗೆ ಕಿವಿ ದೊಡ್ಡದು, ಒಳ್ಳೆಯ ಮಾತೂ ಅಲ್ಲಿ ಹೋಗುವಾಗ ಮುಳ್ಳು ಹಚ್ಚಿಕೊಂಡೇ ಹೋಗುತ್ತದೆ.

ಆವತ್ತಿನಿಂದ ಅವನಿಗೆ ಹೊಸದೊಂದು ಕೆಲಸ ಸಿಕ್ಕಿತು. ಅವನ ಹೊಲಿಗೆ ಯಂತ್ರದ ಮುಂದೆ ಕೂತರೆ ಬಾಗಿಲಿನಿಂದ ನೇರ ಆ ಕೊಕ್ಕೆ ಕಾಣುತ್ತಿತ್ತು. ಬೆಳಿಗ್ಗೆ ಹೆಂಡತಿ ಒದ್ದೆಬಟ್ಟೆ ಹರವಿ ಪೈಪು ಏರಿಸುತ್ತಿದ್ದಳು. ಮಧ್ಯಾಹ್ನದ ಹೊತ್ತಿಗೆ ಅದು ಗೋಡೆಯ ಬಣ್ಣದ ಅಂಚಿಗಿಂತ ನಾಲ್ಕು ಬೆರಳು ಕೆಳಗಿರುತ್ತಿತ್ತು. ನೈಲಾನು ಭಾರಕ್ಕೆ ಒಂದಿಷ್ಟು ಹಿಗ್ಗುತ್ತದೆ, ಅದು ಸಹಜ. ಆದರೆ ಕೊಕ್ಕೆಯಿಂದ ಕೆಳಗೆ ಜೋತ ತುದಿಯೂ ದಿನಕ್ಕಿಷ್ಟು ಮೇಲೇರಿರುತ್ತಿತ್ತು. ಅದು ಹಿಗ್ಗಿದ್ದಲ್ಲ, ಜಾರಿದ್ದು. ಅದನ್ನು ನೋಡುವಾಗ ಅವನಿಗೆ ಆಗುತ್ತಿದ್ದ ಸುಖ ಕಡಿಮೆಯದಲ್ಲ. ಬಿಸಿಲಲ್ಲಿ ಬಂದವನು ಮಡಕೆಯ ನೀರು ಕುಡಿದ ಹಾಗೆ ಒಂದೊಂದು ಗುಟುಕು.

"ಏನ್ರೀ, ದಿನವಿಡೀ ಗೋಡೆ ನೋಡ್ತೀರಿ?" ಅಂದಳು ಹೆಂಡತಿ.

"ಬಣ್ಣ ಹೊಡಿಸ್ಬೇಕು ಅಂತ."

"ಅದಕ್ಕೂ ನೀವೇ ಸೂಜಿ ಹಿಡ್ಕೊಂಡು ಹೋಗ್ಬೇಡಿ, ಮತ್ತೆ."

ಅವನೂ ನಕ್ಕ. ಒಳಗೆ ಅಂದುಕೊಂಡ: ಬೀಳಲಿ. ಒಂದು ಸಲ ಬೀಳಲಿ. ಸುಮ್ಮನೆ ಟವಲ್ಲೋ ಲಂಗದ ಒಳಬಟ್ಟೆಯೋ ಇರುವಾಗ, ಯಾರೂ ಕೆಳಗಿಲ್ಲದಾಗ ಬೀಳಲಿ. ಆಗ 'ಕೆಲಸ ಅಂದ್ರೆ ಇದು' ಅಂದ ಬಾಯಿಂದಲೇ ಇನ್ನೊಂದು ಮಾತು ಬರುತ್ತದೆ. ಇಂಥದ್ದನ್ನು ಬಯಸುವವನು ಬೀಳುವ ಹೊತ್ತನ್ನೂ ತಾನೇ ಆರಿಸಬಹುದು ಅಂದುಕೊಂಡಿರುತ್ತಾನೆ.

ಒಬ್ಬ ಗಿರಾಕಿ ಹೊಸ ಮನೆಗೆ ಪರದೆ ಹೊಲಿಯಲು ಕೊಟ್ಟಿದ್ದಳು. ದಪ್ಪ ಹತ್ತಿಯ ಬಟ್ಟೆ, ಅದನ್ನೂ ನೆನೆಸಿ ಕುಗ್ಗಿಸಿಯೇ ಕತ್ತರಿಸಬೇಕು. ನೀರು ಕುಡಿದ ಮೇಲೆ ಒಂದೊಂದು ತುಂಡೂ ಹಸಿ ಮಣ್ಣಿನ ಹಾಗೆ ತೂಗುತ್ತಿತ್ತು. ಹೆಂಡತಿ ನಡುವಿನ ಪೈಪಿನ ತುಂಬ ಹರವಿ, ಏರಿಸಿ, ಎರಡು ಸುತ್ತು ಸುತ್ತಿದಳು. ಆಮೇಲೆ ಅದರ ಕೆಳಗೇ ನಿಂತು, ಪಕ್ಕದ ಪೈಪು ಎದೆಮಟ್ಟಕ್ಕೆ ಇಳಿಸಿಕೊಂಡು ಉಳಿದ ತುಂಡುಗಳನ್ನು ಒಂದೊಂದಾಗಿ ಹಾಕತೊಡಗಿದಳು.

ಅವತ್ತೇ ಪಂಪಿನವನು ಪ್ಯಾಂಟಿನ ಅಂಚು ಮಡಚಿಸಲು ಬಂದಿದ್ದ. ಅಂಗಡಿಯ ಬಾಗಿಲ ಪಕ್ಕದ ಕುರ್ಚಿಯಲ್ಲಿ ಕಾಲು ಚಾಚಿ ಕೂತು, ಚಹಾ ಕುಡಿಯುತ್ತ, ಯಾರ ತೋಟದಲ್ಲೋ ಪಂಪಿನ ಜೊತೆ ಆಮೆಯೊಂದು ಮೇಲೆ ಬಂದ ಕಥೆ ಹೇಳುತ್ತಿದ್ದ. ನಡುಕೋಣೆಯಿಂದಲೇ ಹೆಂಡತಿ, "ಸುಳ್ಳು ಹೇಳ್ಬೇಡಿ, ಹೋದ ಸಲ ಕಪ್ಪೆ ಅಂದಿದ್ರಿ," ಅಂದಳು.

"ಬೆಳೀತಲ್ಲ ಅತ್ತಿಗೆ ಅಷ್ಟರಲ್ಲಿ."

ಅವಳ ನಗು ಕೇಳಿತು. ದರ್ಜಿ ಅಂಚು ಹೊಲಿಯುತ್ತಿದ್ದ. ತಲೆಯೆತ್ತಿದ. ಕೊಕ್ಕೆಯ ಮೇಲಿನ ಸುತ್ತು ಸಡಿಲವಾಗಿ ಹೊಟ್ಟೆ ಬಿಟ್ಟುಕೊಂಡಿತ್ತು. ಜೋತ ತುದಿ ಹಲ್ಲಿಯ ಬಾಲದ ಹಾಗೆ ನಿಧಾನವಾಗಿ ಮೇಲೆ ಹೋಗುತ್ತಿತ್ತು.

ಒಂದು ಮಾತಿಗೆ ಹೊತ್ತಿತ್ತು. 'ಆಚೆ ಸರಿ' ಅಂದಿದ್ದರೆ ಅವಳು ಎರಡು ಹೆಜ್ಜೆ ಸರಿಯುತ್ತಿದ್ದಳು. ಆ ಮಾತು ಗಂಟಲಿಗೂ ಬಂತು. ಆದರೆ ಅವನ ಕಣ್ಣು ಅವಳ ಕಡೆ ಹೋಗುವ ಬದಲು ಪಂಪಿನವನ ಕಡೆ ತಿರುಗಿತು. ಇವನು ನೋಡಬೇಕು. ತಲೆ ಎತ್ತಿ ತನ್ನ ಹಗ್ಗವನ್ನು ತಾನೇ ನೋಡಬೇಕು. ಪಂಪಿನವನು ಲೋಟದೊಳಗೆ ನೋಡುತ್ತಿದ್ದ. ಒಂದು ಉಸಿರು ಹಾಗೆ ಹೋಯಿತು.

ಆಮೇಲೆ ದರ್ಜಿ ಎದ್ದ. ಯಂತ್ರದ ಮುಂದಿನ ಸ್ಟೂಲು ಉರುಳಿತು. ಅವನು ಬಾಗಿಲು ದಾಟುವಾಗ ಎರಡನೇ ಸುತ್ತೂ ಬಿಟ್ಟಿತು, ಹಗ್ಗ ಸೊಯ್ಯೆಂದು ಮೇಲೇರಿತು. ಅವನು ಹಾರಿ ಬಲಗೈಯಲ್ಲಿ ಹಿಡಿದ. ಹಿಡಿದದ್ದು ಹೌದು, ನೈಲಾನು ಅಂಗೈಯೊಳಗೆ ಕೆಂಡದ ಗೆರೆ ಎಳೆಯುತ್ತ ಹರಿಯಿತು, ಮೊಳದಷ್ಟು ಹರಿದ ಮೇಲೆ ನಿಂತಿತು. ಅಷ್ಟರಲ್ಲಿ ಪೈಪಿನ ಒಂದು ತುದಿ ಒದ್ದೆ ಪರದೆಗಳ ಸಮೇತ ಹೆಂಡತಿಯ ಬಲ ಹೆಗಲಿನ ಮೇಲೆ ಕೂತಿತ್ತು.

ಅವಳು ಗೋಡೆಗೆ ಒರಗಿ ನೆಲಕ್ಕೆ ಕುಸಿದಳು, ಎಡಗೈ ಹೆಗಲ ಮೇಲೆ. ಪಂಪಿನವನು ಒಂದೇ ನೆಗೆತಕ್ಕೆ ಬಂದು ಪೈಪು ಎತ್ತಿ ಹಿಡಿದ.

ಮೂಳೆ ಮುರಿದಿರಲಿಲ್ಲ. ವೈದ್ಯರು ಒತ್ತಿ ನೋಡಿ, ಮೊದಲೇ ಬಿಗಿದ ಹೆಗಲು, ಇನ್ನು ಕೆಲವು ವಾರ ಕೈಯನ್ನು ಕತ್ತಿಗೆ ಕಟ್ಟಿದ ಬಟ್ಟೆಯ ಜೋಳಿಗೆಯಲ್ಲೇ ಇಟ್ಟುಕೊಳ್ಳಬೇಕು ಅಂದರು. ದರ್ಜಿಯ ಅಂಗೈಗೆ ಮುಲಾಮು ಹಚ್ಚಿ ಪಟ್ಟಿ ಸುತ್ತಿದರು. ಮನೆಗೆ ಬಂದ ಮೇಲೂ ಪಂಪಿನವನು ಕೂರಲಿಲ್ಲ. ಆ ದೊಡ್ಡ ಮೈಯನ್ನು ಎಲ್ಲಿಡಬೇಕೆಂದು ತಿಳಿಯದವನ ಹಾಗೆ ಬಾಗಿಲ ಹತ್ತಿರ ನಿಂತಿದ್ದ.

"ತಪ್ಪು ನಂದು ಅತ್ತಿಗೆ. ಆ ಹಗ್ಗ ಹಾಕಬಾರ್ದಿತ್ತು. ನಿಮ್ಮ ತಂಗಿಗೆ ಹೆಂಗೆ ಮುಖ ತೋರಿಸ್ಲಿ ನಾನು. ಅಣ್ಣ ಹಿಡೀದೆ ಇದ್ದಿದ್ರೆ ತಲೆ ಮೇಲೇ ಬೀಳ್ತಿತ್ತು."

ದರ್ಜಿ ಬಯಸಿದ್ದೆಲ್ಲ ಎದುರಿಗೆ ಇತ್ತು. ಷಡ್ಡಕನ ತಲೆ ತಗ್ಗಿತ್ತು. ತಾನು ಹಿಡಿದವನಾಗಿದ್ದ. ಹೆಂಡತಿ ಮಾತ್ರ ಅವನನ್ನೇ ನೋಡುತ್ತಿದ್ದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾರೆ. ಅವನು ಪಟ್ಟಿ ಸುತ್ತಿದ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡ.

"ರೀ," ಅಂದಳು ಅವಳು, "ಸ್ಟೂಲು ಬಿದ್ದ ಸದ್ದು ನಂಗೆ ಮೊದಲು ಕೇಳಿಸ್ತು. ಹಗ್ಗದ್ದು ಆಮೇಲೆ."

ಪಂಪಿನವನಿಗೆ ಅರ್ಥವಾಗಲಿಲ್ಲ, ಇವನ ಮುಖ, ಅವಳ ಮುಖ ನೋಡಿದ. ದರ್ಜಿಗೆ ಆಗಲೂ ದಾರಿಯಿತ್ತು. 'ಆಗಷ್ಟೇ ಕಣ್ಣಿಗೆ ಬಿತ್ತು' ಅನ್ನಬಹುದಾಗಿತ್ತು. ಷಡ್ಡಕ ತಪ್ಪನ್ನು ಹೊತ್ತುಕೊಂಡು ಮನೆಗೆ ಹೋಗುತ್ತಿದ್ದ. ತಲೆ ತಗ್ಗಿಸಿದ ಆ ಗಟ್ಟಿ ಕತ್ತನ್ನು ನೋಡುತ್ತ ದರ್ಜಿಗೆ ಏನೋ ಹೇಸಿಗೆಯಾಯಿತು. ಯಾರ ಮೇಲೆ ಅನ್ನುವುದು ಗೊತ್ತಾಗಲು ತಡವಾಗಲಿಲ್ಲ.

"ಅವಂದು ತಪ್ಪಿಲ್ಲ," ಅಂದ. "ನೈಲಾನಿಗೆ ಎರಡು ಸುತ್ತು ಸಾಲದು. ಮೂರು ಹಾಕಿ ಮೇಲೊಂದು ಕುಣಿಕೆ ಬಿಗೀಬೇಕು. ನಂಗೆ ಗೊತ್ತಿತ್ತು. ಮೊದಲ ದಿನದಿಂದ ನೋಡ್ತಿದ್ದೆ, ಜಾರ್ತಿತ್ತು."

"ನೋಡ್ತಿದ್ರಿ."

"ಹೂಂ."

"ಗೋಡೆ ಬಣ್ಣ ಅಂದ್ರಿ."

ಪಂಪಿನವನು ಗಂಟಲು ಸರಿಮಾಡಿಕೊಂಡು, "ಅಣ್ಣ, ಒಂದು ಮಾತು ಹೇಳಿದ್ರೆ ನಾನೇನು..." ಅಂದು ಅಲ್ಲಿಗೇ ನಿಲ್ಲಿಸಿ, ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ. ಅಂಚು ಅರ್ಧ ಹೊಲಿದ ಪ್ಯಾಂಟು ಯಂತ್ರದಲ್ಲೇ ಉಳಿಯಿತು.

ಹೆಂಡತಿ ಬೈಯಲಿಲ್ಲ, ಅಳಲಿಲ್ಲ, ತವರಿಗೂ ಹೋಗಲಿಲ್ಲ. ಪೈಪು ಬಳಸುವುದನ್ನು ಬಿಟ್ಟಳು, ಅಷ್ಟೇ. ನೆನೆದ ಬಟ್ಟೆಯನ್ನು ಎಡಗೈಯಲ್ಲಿ ಹಿಂಡಿ ಕುರ್ಚಿಗಳ ಬೆನ್ನಿಗೆ, ಕಿಟಕಿಯ ಸರಳಿಗೆ, ಮಂಚದ ಅಂಚಿಗೆ ಹಾಕತೊಡಗಿದಳು. ದರ್ಜಿ "ನಾನು ಏರಿಸಿಕೊಡ್ತೀನಿ, ಇಲ್ಲಿ ಹಾಕು," ಅಂದರೆ, "ಬೇಡ. ಅದರ ಕೆಳಗೆ ನಿಲ್ಲೋಕೆ ನಂಗೆ ಭಯ," ಅನ್ನುತ್ತಿದ್ದಳು. ಹಗ್ಗಕ್ಕೆ ಅಂದಳೋ ತನಗೆ ಅಂದಳೋ ಎಂದು ಅವನು ಕೇಳಲಿಲ್ಲ. ಮಡಿಕೆಯಲ್ಲಿ ಗಾಳಿಯಾಡದೆ ಒಳಬಟ್ಟೆಗಳು ಮುಗ್ಗಲು ವಾಸನೆ ಹಿಡಿದವು. ಪರದೆಯ ಗಿರಾಕಿ ಮೂಗು ಮುರಿದು ತುಂಡುಗಳನ್ನು ವಾಪಸು ಒಯ್ದಳು. ಮೂರು ಪೈಪುಗಳು ತಾರಸಿಯ ಕೆಳಗೆ ಬರಿದಾಗಿ ತೂಗುತ್ತಿದ್ದವು, ಕೋಣೆ ಮಾತ್ರ ಕಾಲಿಡಲು ಜಾಗವಿಲ್ಲದಂತೆ ಒದ್ದೆಯಾಗಿತ್ತು.

ಅಂಗೈಯ ಗಾಯ ಹಕ್ಕಳೆಗಟ್ಟಿದ ಮೇಲೆ ದರ್ಜಿ ಪ್ಯಾಂಟಿನ ಅಂಚು ಮುಗಿಸಿದ. ನಿಧಾನವಾಗಿ, ಕೈಯಲ್ಲೇ ಹೊಲಿದ. ಅದನ್ನು ಮಡಚಿ ಕಂಕುಳಲ್ಲಿಟ್ಟುಕೊಂಡು ಷಡ್ಡಕನ ಶೆಡ್ಡಿಗೆ ನಡೆದ. ಮದುವೆಯಾದಾಗಿನಿಂದ ತಾನಾಗಿ ಆ ಬಾಗಿಲಿಗೆ ಹೋದದ್ದು ಅವನಿಗೆ ನೆನಪಿರಲಿಲ್ಲ. ಪಂಪಿನವನು ಮೋಟಾರು ಬಿಚ್ಚಿ ಮುಂದೆ ಹರಡಿಕೊಂಡು ಕೂತಿದ್ದ. ಎಂದಿನಂತೆ "ಬನ್ನಿ ಅಣ್ಣ" ಅನ್ನಲಿಲ್ಲ.

"ಪ್ಯಾಂಟು," ಅಂದ ದರ್ಜಿ.

"ಅಲ್ಲಿಡಿ."

ಇಟ್ಟ. ನಿಂತೇ ಇದ್ದ. ಗ್ರೀಸು, ಹಳೆ ಕಬ್ಬಿಣದ ವಾಸನೆ. ಕೊನೆಗೆ ಅಂದ, "ಅವಳು ಪೈಪು ಮುಟ್ತಿಲ್ಲ. ನಾನು ಹೇಳಿದ್ರೆ ನಂಬಲ್ಲ. ನೀನು ಬಂದು ಒಂದು ಸಲ ನೋಡ್ಬೇಕು."

ಪಂಪಿನವನು ಕೈಯನ್ನು ಚಿಂದಿಗೆ ಒರೆಸಿಕೊಂಡ. "ನಾನು ಬಂದ್ರೆ ನಿಮಗೆ ಆಗಲ್ಲ ಅಣ್ಣ. ಅದು ನಂಗೂ ಗೊತ್ತು, ಇವತ್ತು ನಿನ್ನೇದಲ್ಲ."

"ಆಗಲ್ಲ," ಅಂದ ದರ್ಜಿ. "ಆದ್ರೂ ಬಾ."

ಪಂಪಿನವನು ಅವನನ್ನೇ ನೋಡಿದ. ಆಮೇಲೆ ಎದ್ದು ಅಂಗಿ ತೊಟ್ಟ. ದಾರಿಯಲ್ಲಿ ಅಂಗಡಿಯೊಂದರಲ್ಲಿ ಹೆಣೆದ ಹತ್ತಿಯ ಹಗ್ಗ ಕೊಂಡರು. ದರ್ಜಿ ಒಂದು ತುಂಡನ್ನು ಬೆರಳ ನಡುವೆ ತಿಕ್ಕಿ, ಕಿವಿಯ ಹತ್ತಿರ ಹಿಡಿದು ಎಳೆದು, "ಇದು ಬೇಡ, ಸಡಿಲ ಹೆಣಿಗೆ. ಆ ಇನ್ನೊಂದು ಕೊಡಿ," ಅಂದ. ಪಂಪಿನವನು ಎರಡನೆಯದನ್ನು ಹೆಗಲಿಗೆ ಹಾಕಿಕೊಂಡ.

ಈ ಸಲ ಸ್ಟೂಲು ಹಿಡಿದವನು ದರ್ಜಿ. ಪಂಪಿನವನು ಮೇಲೆ ನಿಂತು ಮೂರು ಪೈಪುಗಳ ನೈಲಾನೂ ಹಳೆಯ ಹಗ್ಗವೂ ಎಲ್ಲ ಎಳೆದುಹಾಕಿ ಹೊಸದನ್ನು ಪೋಣಿಸಿದ. ಕೆಳಗೆ ದರ್ಜಿ ಎರಡೆರಡು ಎಳೆಯ ಉದ್ದ ಸಮ ಮಾಡಿ, ಪೈಪು ಓರೆಯಾಗದಂತೆ ಗಂಟು ಹಾಕಿದ. ಇಬ್ಬರೂ ಬೇಕಾದಷ್ಟೇ ಮಾತಾಡಿದರು. "ಸಡಿಲ ಬಿಡಿ." "ಇನ್ನೊಂದು ಗೇಣು." "ಸಾಕು."

ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತಳು, ಕೈ ಜೋಳಿಗೆಯಲ್ಲಿ. ಎಡಗೈಯಲ್ಲಿ ತಂದ ಚಹಾದ ಲೋಟವನ್ನು ಮೊದಲು ಪಂಪಿನವನಿಗೆ ಕೊಟ್ಟಳು. ದರ್ಜಿಯ ಎದೆಯಲ್ಲಿ ಹಳೆಯ ಸೂಜಿ ಅದೇ ಜಾಗದಲ್ಲಿ ಚುಚ್ಚಿತು. ಚುಚ್ಚಲಿ ಅಂದುಕೊಂಡ, ಕೈಯಲ್ಲಿದ್ದ ಹಗ್ಗ ಬಿಡಲಿಲ್ಲ.

ನಡುವಿನ ಪೈಪನ್ನು ಏರಿಸಿ ಕೊಕ್ಕೆಗೆ ಸುತ್ತಿದ. ಹತ್ತಿಯ ಹಗ್ಗ, ಎರಡು ಸಾಕಿತ್ತು. ಮೂರನೆಯದನ್ನೂ ಹಾಕಿ, ಕುಣಿಕೆ ಮಗುಚಿ ಬಿಗಿದ. ಆಮೇಲೆ ಹೋಗಿ ಆ ಪೈಪಿನ ನೇರ ಕೆಳಗೆ ನಿಂತ. ಯಾರೂ ಹೇಳಿರಲಿಲ್ಲ.

"ನೀವಲ್ಲಿ ಯಾಕೆ ನಿಂತ್ರಿ?" ಅಂದಳು ಹೆಂಡತಿ.

"ನೀನು ಹಾಕೋವರೆಗೂ ನಿಂತಿರ್ತೀನಿ."

"ಬರೀ ಪೈಪಿನ ಕೆಳಗೆ ಯಾರು ಬೇಕಾದ್ರೂ ನಿಲ್ತಾರೆ."

ಪಂಪಿನವನು ಲೋಟದೊಳಗೆ ಸಣ್ಣಗೆ ಕೆಮ್ಮಿದ. ಅವಳು ಒಳಗೆ ಹೋದಳು. ನೀರಿನ ಸದ್ದಾಯಿತು. ನೆನೆದ ಬಟ್ಟೆಯ ಬಕೆಟ್ಟನ್ನು ಎಡಗೈಯಲ್ಲಿ ಎಳೆದುಕೊಂಡು ಬಂದು ಅವನ ಕಾಲ ಬಳಿ ಇಟ್ಟು, ತಾನು ಬಾಗಿಲಿಗೆ ಸರಿದು ನಿಂತಳು. "ಇಳಿಸಿ, ಹರವಿ, ಏರಿಸಿ. ಆಮೇಲೆ ನಿಂತ್ಕೊಳ್ಳಿ. ನೋಡ್ತೀನಿ."

ದರ್ಜಿ ಕುಣಿಕೆ ಬಿಚ್ಚಿ ಪೈಪನ್ನು ಎದೆಮಟ್ಟಕ್ಕೆ ಇಳಿಸಿದ.